'ಯಾವ್ದು ಈಜಿ ಐತಿ?' ಅನ್ನೋದು ಮೊದಲ ಪ್ರಶ್ನೆ ಅಲ್ಲ

ಫೈನಲ್ ಇಯರ್ ಬಂತೆಂದರೆ ಹಾಸ್ಟೆಲ್‌ನಲ್ಲಿ ಒಂದೇ ಚರ್ಚೆ: "ಎಂಎಸ್‌ಗೆ ಐಇಎಲ್‌ಟಿಎಸ್ ಬರೀಲೋ, ಟೋಫೆಲ್ಲೋ, ಪಿಟಿಇನೋ? ಯಾವ್ದು ಈಜಿ ಐತಲೇ?" ನನ್ನ ಪ್ರಕಾರ ಈ ಪ್ರಶ್ನೆ ಕೊನೆಗೆ ಬರಬೇಕು. ಯಾಕೆ ಅಂತ ಮಾನ್ವಿಯ ನನ್ನ ಗೆಳೆಯನ ಕಥೆಯಲ್ಲೇ ಹೇಳ್ತೀನಿ.

ಅವನು ಮೊದಲು ಆರಿಸಿದ್ದು ಡುಯೋಲಿಂಗೋ. ಮನೆಯಲ್ಲೇ ಕೂತು ಒಂದು ಗಂಟೆಯಲ್ಲಿ ಮುಗಿಯುತ್ತೆ, ಶುಲ್ಕ ಸುಮಾರು 70 ಡಾಲರ್. ಐಇಎಲ್‌ಟಿಎಸ್‌ಗಾದರೆ ಸುಮಾರು 18 ಸಾವಿರ ರೂಪಾಯಿ, ಮೇಲೆ ಹೈದರಾಬಾದಿಗೆ ಹೋಗಿ ಬರೋ ಖರ್ಚು. ಅಪ್ಪನ ಭತ್ತದ ದುಡ್ಡು ಉಳೀತು ಅಂದುಕೊಂಡ. ಅಂಕವೂ ಚೆನ್ನಾಗಿಯೇ ಬಂತು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಅದನ್ನು ಒಪ್ಪುತ್ತವೆ. ಆದರೆ ಅವನ ಪಟ್ಟಿಯಲ್ಲಿ ಆಸ್ಟ್ರೇಲಿಯಾವೇ ಮೇಲಿತ್ತು. ಅಲ್ಲಿನ ವಿದ್ಯಾರ್ಥಿ ವೀಸಾಕ್ಕೆ ಡುಯೋಲಿಂಗೋ ನಡೆಯಲ್ಲ. ಪ್ರವೇಶಕ್ಕೆ ಒಪ್ಪೋದು ಬೇರೆ, ವೀಸಾಕ್ಕೆ ಒಪ್ಪೋದು ಬೇರೆ ಅನ್ನೋದು ಅವನಿಗೆ ಆಮೇಲೆ ಗೊತ್ತಾಯ್ತು.

ಹಾಗಾಗಿ ಹೈದರಾಬಾದಿಗೆ ಹೋಗಿ ಐಇಎಲ್‌ಟಿಎಸ್ ಬರೆದ. ಕೇಳುವುದರಲ್ಲಿ 7.5, ಓದಿನಲ್ಲಿ 7, ಮಾತಿನಲ್ಲಿ 6.5, ಬರವಣಿಗೆಯಲ್ಲಿ 5.5. ನಾಲ್ಕರ ಸರಾಸರಿ 6.625, ಅದು ಒಟ್ಟು 6.5 ಬ್ಯಾಂಡ್ ಆಯ್ತು. ವಿಶ್ವವಿದ್ಯಾಲಯ ಕೇಳಿದ್ದೂ 6.5. ಪಾರ್ಟಿ ಕೊಡಿಸಿದ ಮೇಲೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು: "ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು." ಅರ್ಧ ಬ್ಯಾಂಡಿಗೆ ಸಿಕ್ಕಿಬಿದ್ದ.

ಅದೃಷ್ಟಕ್ಕೆ ಅವನು ಕಂಪ್ಯೂಟರ್‌ನಲ್ಲಿ ಬರೆದಿದ್ದ. ಹಾಗೆ ಬರೆದವರು 60 ದಿನದೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯಬಹುದು. ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಒಪ್ಪಲ್ಲ. ಈ ಸಲ ಅವನು ದುಡ್ಡು ಕಟ್ಟೋಕೆ ಮೊದಲೇ ಪ್ರವೇಶ ವಿಭಾಗಕ್ಕೆ ಮೇಲ್ ಹಾಕಿ ಕೇಳಿದ. ಒಪ್ಪಿಗೆ ಬಂದ ಮೇಲೆ ಬರೆದ, 6 ಬಂತು. ಆದರೆ ಲೆಕ್ಕ ಹಾಕಿ: ಮೂರು ಶುಲ್ಕ, ಎರಡು ಸಲ ಹೈದರಾಬಾದು. ಅಗ್ಗದ ದಾರಿಯೇ ದುಬಾರಿಯಾಯ್ತು.

ಹಾಗಾಗಿ ಮೊದಲು ವಿಶ್ವವಿದ್ಯಾಲಯಗಳ ಪಟ್ಟಿ ಮಾಡಿ. ಪ್ರತಿ ಹೆಸರಿನ ಮುಂದೆ ಒಪ್ಪುವ ಪರೀಕ್ಷೆ, ಒಟ್ಟು ಅಂಕ, ವಿಭಾಗದ ಕನಿಷ್ಠ ಅಂಕ, ವೀಸಾ ನಿಯಮ ಬರೆಯಿರಿ. ಎಲ್ಲ ಸಾಲಲ್ಲೂ ಇರೋ ಪರೀಕ್ಷೆ ಯಾವುದೋ ಅದೇ ನಿಮ್ಮದು.

ಎರಡು ಉಳಿದರೆ ಮಾತ್ರ "ಯಾವ್ದು ಈಜಿ" ಅಂತ ಕೇಳಿ. ಐಇಎಲ್‌ಟಿಎಸ್‌ನಲ್ಲಿ ಮನುಷ್ಯರ ಜೊತೆ ಮಾತಾಡ್ತೀರಿ, ತಡವರಿಸಿದರೂ ಅವರು ಕಾಯ್ತಾರೆ. ಪಿಟಿಇಯಲ್ಲಿ ಕಂಪ್ಯೂಟರ್ ಮುಂದೆ ಮಾತು, ಮೂರು ಸೆಕೆಂಡ್ ಸುಮ್ಮನಾದರೆ ಮೈಕ್ ನಿಂತುಬಿಡುತ್ತೆ. ತಲೆಯಲ್ಲಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸೋ ನಮ್ಮಂಥವರಿಗೆ ಆ ಮೂರು ಸೆಕೆಂಡ್ ಭಾಳ ಕಡಿಮೆ. ಮಾತಲ್ಲಿ ನಿಲ್ಲದೆ ಹೋಗೋರಿಗೆ, ಎದುರಿಗೆ ಯಾರಾದರೂ ಕೂತರೆ ಹೆದರೋರಿಗೆ ಪಿಟಿಇಯೇ ವಾಸಿ.

ಫೀಸ್ ಕಟ್ಟೋ ಮೊದಲು ಪಟ್ಟಿ. ನನ್ನ ಗೆಳೆಯ ಈಗ ಜೂನಿಯರ್‌ಗಳಿಗೆ ಹೇಳೋದೂ ಇದನ್ನೇ.