ಟಾಕಿಯ ತಳದ ಬಾಕಿ

ಕಳೆದ ಏಪ್ರಿಲ್‌ನಲ್ಲಿ ಮೊಮ್ಮಗ ರಜೆಗೆಂದು ರಾಯಚೂರಿಗೆ ಬಂದಿದ್ದ. ಏಳನೇ ತರಗತಿ ಮುಗಿಸಿದ ಹುಡುಗ. ಬಂದ ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹೋದವನು ಬಾಯಲ್ಲಿ ನೊರೆ ಇಟ್ಟುಕೊಂಡೇ ಹೊರಗೆ ಬಂದು, “ಅಜ್ಜಾ, ನಿಮ್ಮ ನಳದ ನೀರು ಕೊಳೆತ ತತ್ತಿ ವಾಸನಿ ಬರಾಕತ್ತೈತಿ” ಅಂದ. ನಾನು ಮೂಸಿ ನೋಡಿದೆ, ನನಗೇನೂ ಅನಿಸಲಿಲ್ಲ. ನನ್ನ ಹೆಂಡತಿಗೂ ಅನಿಸಲಿಲ್ಲ. ದಿನಕ್ಕೆ ಇಷ್ಟಿಷ್ಟೇ ಏರಿದ ವಾಸನೆಗೆ ಮನೆಯವರ ಮೂಗು ಒಗ್ಗಿಹೋಗಿರುತ್ತದೆ. ಅದನ್ನು ಹಿಡಿಯಲು ಹೊರಗಿನ ಮೂಗೇ ಬೇಕು.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಮಾಳಿಗೆ ಹತ್ತಿ, ಟಾಕಿಯ ಮುಚ್ಚಳ ಓರೆ ಮಾಡಿ, ಹೋದ ವರ್ಷದ ಬ್ಲೀಚಿಂಗ್ ಪೌಡರ್ ಒಂದು ಹಿಡಿ ಒಳಗೆ ಸುರಿದು ಇಳಿದೆ. ಆ ದಿನ ನೀರು ಆಸ್ಪತ್ರೆಯ ವಾಸನೆ ಹೊಡೆಯಿತು. ಮೂರನೇ ದಿನ ಅದೇ ತತ್ತಿ ವಾಸನೆ ಮರಳಿ ಬಂತು. ಈ ಸಲ ನನ್ನ ಮೂಗಿಗೂ ತಿಳಿಯಿತು.

ಇಷ್ಟಕ್ಕೇ ಗಾಬರಿ ಏಕೆ ಎಂದು ಬೇರೆ ಊರಿನವರು ಕೇಳಬಹುದು. 2022ರ ಮೇ, ಜೂನ್ ತಿಂಗಳಲ್ಲಿ ನಮ್ಮ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದಾರೆ. ಮರುವರ್ಷ ಮೇ ತಿಂಗಳಲ್ಲೇ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ವಾಂತಿ ಭೇದಿಯಾಗಿ ಒಂದು ಮಗು ತೀರಿಕೊಂಡಿತು. ದೇವದುರ್ಗ ನಾನು ಹುಟ್ಟಿದ ಊರು. ಹಾಗಾಗಿ ಮಗು ನೀರಿನ ಬಗ್ಗೆ ಮಾತಾಡಿದರೆ ನಾವು ತಳ್ಳಿಹಾಕುವುದಿಲ್ಲ.

ಪೌಡರ್ ಸೋತ ಮೇಲೆ ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ. ಮೂರು ಗಾಜಿನ ಲೋಟ ತೊಳೆದಿಟ್ಟೆ. ಒಂದರಲ್ಲಿ ಬೀದಿಯ ಕೊಳವೆಯಿಂದ ನೇರ ಬರುವ ಅಂಗಳದ ನಳದ ನೀರು, ಇನ್ನೊಂದರಲ್ಲಿ ಅಡುಗೆಮನೆಯ ನಳದ ನೀರು, ಮೂರನೆಯದರಲ್ಲಿ ಬಚ್ಚಲಿನ ನೀರು. ಕೊನೆಯ ಎರಡೂ ಟಾಕಿಯಿಂದ ಬರುವಂಥವು. ಯಾವ ಲೋಟ ಎಲ್ಲಿಯದೆಂದು ಮೊಮ್ಮಗನಿಗೆ ಹೇಳದೆ ಮೂಸಲು ಕೊಟ್ಟೆ. ಅಂಗಳದ ನೀರು ಚೆನ್ನಾಗಿದೆ, ಉಳಿದೆರಡೂ ನಾರುತ್ತವೆ ಎಂದ. ಅಂದರೆ ದೋಷ ಟಾಕಿಯಲ್ಲಿದೆ. ಮೂರೂ ನಾರಿದ್ದರೆ ಟಾಕಿ ತೊಳೆದು ಫಲವಿಲ್ಲ, ನೀರು ಬಿಡುವವರಿಗೆ ದೂರು ಕೊಟ್ಟು, ಕುಡಿಯುವ ನೀರನ್ನು ಕುದಿಸಬೇಕು. ಒಂದೇ ನಳ ನಾರಿದ್ದರೆ ಆ ನಳದ್ದೋ ಅದರ ಕೆಳಗಿನ ಮೋರಿಯದ್ದೋ ತೊಂದರೆ.

ಮರುದಿನ ಬಿಸಿಲೇರುವ ಮೊದಲೇ ಮಾಳಿಗೆ ಹತ್ತಿದೆವು. ನಮ್ಮದು 500 ಲೀಟರಿನ ಪ್ಲಾಸ್ಟಿಕ್ ಟಾಕಿ. ಬಿಸಿಲಿಗೆ ಮುಚ್ಚಳ ಸೊಟ್ಟಗಾಗಿ ಒಂದು ಕಡೆ ಎರಡು ಬೆರಳು ಸಂದಿ ಬಿಟ್ಟಿತ್ತು. ಬ್ಯಾಟರಿ ಬಿಟ್ಟು ನೋಡಿದರೆ, ಆ ಸಂದಿಯ ಎದುರಿನ ಗೋಡೆಗೆ ಮಾತ್ರ ಹಸಿರು ಪಾಚಿ ಮೆತ್ತಿಕೊಂಡಿತ್ತು. ಬಿಸಿಲಿನ ಪಟ್ಟಿ ಎಲ್ಲಿ ಬೀಳುತ್ತಿತ್ತೋ ಅಲ್ಲಿಯೇ, ಅಚ್ಚು ಹೊಡೆದ ಹಾಗೆ. ಪಾಚಿಯೂ ಗಿಡದಂತೆಯೇ ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತದೆ. ಕತ್ತಲಲ್ಲಿ ಅದು ಬೆಳೆಯುವುದಿಲ್ಲ.

ಆದರೆ ತತ್ತಿ ವಾಸನೆ ಪಾಚಿಯದಲ್ಲ. ಪಾಚಿಯ ನೀರು ಹಸಿ ಮಣ್ಣಿನಂತೆ, ಕೆರೆ ದಂಡೆಯಂತೆ ವಾಸನೆ ಬರುತ್ತದೆ. ತತ್ತಿ ವಾಸನೆ ತಳದಿಂದ ಬಂದದ್ದು. ಟಾಕಿಯಿಂದ ನಳಕ್ಕೆ ಹೋಗುವ ಕೊಳವೆಯನ್ನು ತಳಕ್ಕಿಂತ ಎರಡು ಮೂರು ಬೆರಳು ಮೇಲೆ ಕೂರಿಸಿರುತ್ತಾರೆ, ರಾಡಿ ನಳಕ್ಕೆ ಹೋಗದಿರಲಿ ಎಂದು. ಹಾಗಾಗಿ ಆ ಎರಡು ಮೂರು ಬೆರಳಿನ ನೀರು ಎಂದೂ ಖಾಲಿಯಾಗುವುದಿಲ್ಲ. ನೀರಿನ ಜೊತೆ ಬಂದ ಮಣ್ಣು, ಉದುರಿದ ಪಾಚಿ, ಸತ್ತ ಹುಳ ಎಲ್ಲ ಅಲ್ಲಿ ಕೂರುತ್ತವೆ. ಬ್ಯಾಂಕಿನಲ್ಲಿ ನಾವು ವರ್ಷದಿಂದ ವರ್ಷಕ್ಕೆ ಮುಂದೆ ಬರೆದುಕೊಂಡು ಹೋಗುತ್ತಿದ್ದ ಹಳೇ ಬಾಕಿಯ ಹಾಗೆ. ಆ ರಾಡಿಯ ಅಡಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅಲ್ಲಿ ಸೇರಿ, ನೀರಿನಲ್ಲಿ ಕರಗಿರುವ ಗಂಧಕದ ಲವಣಗಳಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬಿಡುತ್ತವೆ. ತತ್ತಿ ಕೊಳೆತಾಗ ಬರುವುದೂ ಅದೇ ಅನಿಲ.

ನನ್ನ ಹಿಡಿ ಪೌಡರ್ ಏಕೆ ಸೋತಿತೆಂಬುದೂ ಇಲ್ಲೇ ತಿಳಿಯುತ್ತದೆ. ಪೌಡರಿನ ಕ್ಲೋರಿನ್ ರೋಗಾಣುವನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಎದುರಿಗೆ ಸಿಕ್ಕ ರಾಡಿ, ಪಾಚಿ, ಎಲೆ ಎಲ್ಲದರ ಮೇಲೂ ಖರ್ಚಾಗುತ್ತದೆ. ರಾಡಿಯ ಮೇಲ್ಪದರ ಸುಡುವಷ್ಟರಲ್ಲಿ ಅದು ಮುಗಿದಿತ್ತು, ಅಡಿಯಲ್ಲಿದ್ದವು ಆರಾಮಾಗಿದ್ದವು. ಪಾಚಿ ತಾನಾಗಿ ಕೊಲ್ಲದಿದ್ದರೂ, ಊರ ನೀರಿನ ಜೊತೆ ಬರುವ ಅಲ್ಪಸ್ವಲ್ಪ ಕ್ಲೋರಿನ್ನನ್ನು ತಿಂದು ಬೇರೆ ಕ್ರಿಮಿಗಳಿಗೆ ನೆಲೆ ಮಾಡಿಕೊಡುತ್ತದೆ.

ಮಾನ್ವಿ ಶಾಖೆಯಲ್ಲಿದ್ದಾಗ ನಮ್ಮ ಬಾಡಿಗೆ ಮನೆಯ ಮೇಲೆ ಸಿಮೆಂಟಿನ ಟಾಕಿ ಇತ್ತು. ಮಳೆಗಾಲದಲ್ಲಿ ಅಲ್ಲಿ ಬರುತ್ತಿದ್ದ ಕೆಂಪು ನೀರಿನಿಂದ ತಳದಲ್ಲಿ ಅಂಗೈ ದಪ್ಪ ಮಣ್ಣು ಕೂರುತ್ತಿತ್ತು. ಸಿಮೆಂಟಿನ ಗೋಡೆ ಒರಟು, ಪಾಚಿ ಅದರ ಸಣ್ಣ ರಂಧ್ರಗಳಲ್ಲಿ ಉಳಿದುಬಿಡುತ್ತದೆ. ಪ್ಲಾಸ್ಟಿಕ್ ನುಣುಪು. ಆದ್ದರಿಂದಲೇ ಅದಕ್ಕೆ ತಂತಿ ಬ್ರಶ್ ಹಾಕಬಾರದು. ಗೀರು ಬಿದ್ದರೆ ಪಾಚಿಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ನಮ್ಮೂರಿನಲ್ಲಿ ಟಾಕಿ ತೊಳೆಯುವುದಕ್ಕಿಂತ ನೀರು ಚೆಲ್ಲುವುದು ಕಷ್ಟದ ಕೆಲಸ, ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ನೀರು ಬಿಡುವ ಸರದಿಯ ದಿನವನ್ನೇ ಗೊತ್ತು ಮಾಡಿಕೊಂಡು, ಹಿಂದಿನ ದಿನ ಟಾಕಿ ತುಂಬದೆ ಬಳಸಿದೆವು. ಬೆಳಿಗ್ಗೆ ಒಂದು ಗೇಣು ನೀರಷ್ಟೇ ಉಳಿದಿತ್ತು. ಒಳಬರುವ ವಾಲ್ವ್ ಮತ್ತು ಮನೆಗೆ ಇಳಿಯುವ ವಾಲ್ವ್ ಎರಡನ್ನೂ ಬಂದ್ ಮಾಡಿದೆ. ಇಳಿಯುವ ವಾಲ್ವ್ ಮರೆತರೆ ತಿಕ್ಕಿದ ಹೊಲಸೆಲ್ಲ ಕೊಳವೆಗೆ ಹೋಗಿ ನಳ ಕಟ್ಟುತ್ತದೆ. ಉಳಿದ ನೀರಿನಲ್ಲೇ ಉದ್ದ ಹಿಡಿಯ ನೈಲಾನ್ ಬ್ರಶ್ಶಿನಿಂದ ಬಾಯಿಯಿಂದ ತಳದವರೆಗೆ ತಿಕ್ಕಿದೆ. ಸೋಪಾಗಲಿ ಬಟ್ಟೆ ಪುಡಿಯಾಗಲಿ ಹಾಕಲಿಲ್ಲ. ನೀರಿನ ಗೆರೆಗಿಂತ ಮೇಲಿನ ಗೋಡೆಯನ್ನು ಬಿಡಬಾರದು. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ಅಲ್ಲಿಯೇ, ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆಮೇಲೆ ಬುಡದ ಬೂಚು ಬಿಚ್ಚಿದಾಗ ಕರಿ ರಾಡಿ ಗೊಳಗೊಳ ಇಳಿಯಿತು. ಮೊಮ್ಮಗ ಮೂಗು ಮುಚ್ಚಿಕೊಂಡು ಮಾಳಿಗೆಯ ಆ ತುದಿಗೆ ಓಡಿದ. ಮೂಲೆಯಲ್ಲಿ ಉಳಿದದ್ದನ್ನು ಕೋಲಿಗೆ ಸುತ್ತಿದ ಹಳೇ ಅರಿವೆಯಿಂದ ಬಳಿದು ತೆಗೆದು, ಎರಡು ಬಕೀಟು ನೀರು ಹಾಕಿ ಜಾಲಿಸಿದೆ.

ಮಕ್ಕಳೇ, ಟಾಕಿಯ ಒಳಗೆ ಇಳಿಯುವ ಕೆಲಸ ನಿಮ್ಮದಲ್ಲ. ನನ್ನ ವಯಸ್ಸಿನವರದ್ದೂ ಅಲ್ಲ. ಚಿಕ್ಕ ಟಾಕಿಗೆ ಹೊರಗೆ ನಿಂತೇ ಕೈ ಸಾಕು. ದೊಡ್ಡ ಟಾಕಿ, ನೆಲದ ಸಂಪು ಇದ್ದರೆ ತೊಳೆಯುವವರನ್ನು ಕರೆಸಬೇಕು. ರಾಡಿಯ ಅನಿಲ ಅಲ್ಲಿ ನಿಂತು ಉಸಿರು ಕಟ್ಟಿಸಬಲ್ಲದು.

ರಾಡಿ ಹೋದ ಮೇಲೆ ಈಗ ಬ್ಲೀಚಿಂಗ್ ಪೌಡರಿನ ಸರದಿ. ಹೊಸ ಪ್ಯಾಕೆಟ್ ತಂದಿದ್ದೆ, ಏಕೆಂದರೆ ಬಿಚ್ಚಿಟ್ಟ ಪೌಡರ್ ಶಾಖಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಲೆಕ್ಕವನ್ನು ಮೊಮ್ಮಗನಿಂದ ಮಾಡಿಸಿದೆ. ತೊಳೆದ ಟಾಕಿಯ ಕ್ರಿಮಿ ಕೊಲ್ಲಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. 500 ಲೀಟರಿಗೆ 25,000 ಮಿಲಿಗ್ರಾಂ, ಅಂದರೆ 25 ಗ್ರಾಂ. ಒಳ್ಳೆಯ ಪೌಡರಿನಲ್ಲಿ ಕ್ಲೋರಿನ್ ಮೂರರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಪೌಡರ್ 75 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದ. 1,000 ಲೀಟರಿನ ಟಾಕಿಗೆ ಇದರ ಎರಡರಷ್ಟು.

ಪೌಡರನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ಮೊದಲು ಹಿಟ್ಟು ಕಲಸಿದಂತೆ ಕಲಸಿ, ಮೇಲೆ ನೀರು ಸುರಿದು ಕದಡಿ, ಹತ್ತು ನಿಮಿಷ ಬಿಟ್ಟೆ. ಸುಣ್ಣ ತಳಕ್ಕೆ ಕೂತಿತು. ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಿ ನೀರು ತುಂಬಿಸಿದೆವು. ಸುಣ್ಣವನ್ನೂ ಹಾಕಿದರೆ ಹೊಸ ರಾಡಿಗೆ ಮುಹೂರ್ತ ಮಾಡಿದಂತೆ. ಆಮೇಲೆ ಇಳಿಯುವ ವಾಲ್ವ್ ಬಿಚ್ಚಿ, ಒಂದೊಂದೇ ನಳವನ್ನು ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು ಮುಚ್ಚಿದೆವು. ಕೊಳವೆಯ ಒಳಗೂ ಲೋಳೆ ಇರುತ್ತದಲ್ಲ. ಒಂದು ತಾಸು ಹಾಗೇ ಬಿಟ್ಟೆವು. ಆ ತಾಸಿನಲ್ಲಿ ಯಾರೂ ನಳ ಮುಟ್ಟದಂತೆ ಮೊಮ್ಮಗ ಅಡುಗೆಮನೆಯ ಬಾಗಿಲಲ್ಲಿ ಕಾವಲು ಕೂತ. ಅವನ ಅಜ್ಜಿಗೆ ಚಹಾ ಮಾಡುವುದಕ್ಕೂ ಬಿಡಲಿಲ್ಲ.

ಆ ಖಾರದ ನೀರನ್ನು ಮೋರಿಗೆ ಬಿಡಲಿಲ್ಲ. ಬಕೀಟುಗಳಲ್ಲಿ ಹಿಡಿದು ಬಚ್ಚಲು, ಪಾಯಖಾನೆ, ಅಂಗಳದ ಕಲ್ಲು ತೊಳೆದೆವು. ಗಿಡಕ್ಕೂ ಬಣ್ಣದ ಬಟ್ಟೆಗೂ ಅದು ಆಗದು. ಇನ್ನೊಂದು ಮಾತು, ಆ ನೀರಿಗೆ ಪಾಯಖಾನೆ ತೊಳೆಯುವ ಆಸಿಡ್ ಸೇರಿಸಲೇಬಾರದು. ಎರಡೂ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕೊನೆಗೆ ಹೊಸ ನೀರು ತುಂಬಿಸಿ, ಘಾಟು ಹೋಗುವ ತನಕ ನಳ ಬಿಟ್ಟೆವು.

ಸಂಜೆ ಮುಚ್ಚಳದ ಮೂಲೆಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿ ಮಾಡಿದೆ. ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಕತ್ತಲಾದ ಮೇಲೆ ಉರಿಯುವ ಬ್ಯಾಟರಿಯನ್ನು ದಾರಕ್ಕೆ ಕಟ್ಟಿ ಟಾಕಿಯೊಳಗೆ ನೀರು ತಾಕದಂತೆ ಇಳಿಬಿಟ್ಟು, ಮುಚ್ಚಳ ಹಾಕಿ ಹೊರಗಿನಿಂದ ಸುತ್ತ ನೋಡಿದೆವು. ರಾತ್ರಿ ಬೆಳಕು ಎಲ್ಲಿಂದ ಹೊರಗೆ ಬರುತ್ತದೋ, ಹಗಲು ಬಿಸಿಲು ಅಲ್ಲಿಂದಲೇ ಒಳಗೆ ಹೋಗುತ್ತದೆ. ಮುಚ್ಚಳ ಕತ್ತಲಾಗಿತ್ತು. ಆದರೆ ಹೆಚ್ಚು ನೀರು ಹೊರಹೋಗುವ ಕೊಳವೆಯ ತುದಿ ಚಂದ್ರನ ಹಾಗೆ ಹೊಳೆಯಿತು. ಅದಕ್ಕೆ ಕೆಳಮುಖದ ಮೊಣಕೈ ಹಾಕಿ, ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆವು. ಬಿಳಿ ಅಥವಾ ಹಳದಿ ಬಣ್ಣದ ತೆಳು ಟಾಕಿಯಾದರೆ ಇಡೀ ಗೋಡೆಯೇ ಲಾಂದ್ರದಂತೆ ಬೆಳಗುವುದುಂಟು. ಅದನ್ನು ಎಷ್ಟು ತೊಳೆದರೂ ಪಾಚಿ ಮತ್ತೆ ಬರುತ್ತದೆ, ಹೊರಗೆ ದಪ್ಪ ಕಪ್ಪು ಹೊದಿಕೆ ಹಾಕಬೇಕು ಇಲ್ಲವೇ ಟಾಕಿ ಬದಲಿಸಬೇಕು.

ಈಗ ನಾನು ತಿಂಗಳಿಗೊಮ್ಮೆ ಬುಡದ ಬೂಚು ಬಿಚ್ಚಿ ಒಂದು ಬಕೀಟು ನೀರು ಬಿಡುತ್ತೇನೆ. ಮೊದಲು ಕಂದು, ಆಮೇಲೆ ತಿಳಿ. ತಿಳಿಯಾಗಲು ಅರ್ಧ ಬಕೀಟಿಗಿಂತ ಹೆಚ್ಚು ಬೇಕಾದರೆ ಪೂರ್ತಿ ತೊಳೆಯುವ ಹೊತ್ತು ಬಂತೆಂದು ಅರ್ಥ. ನಮ್ಮ ಮನೆಯಲ್ಲಿ ಅದು ಆರು ತಿಂಗಳಿಗೆ ಬರುತ್ತದೆ. ಟಾಕಿಯ ಹೊರಗೆ ಮೊಮ್ಮಗ ಬಿಳಿ ಬಣ್ಣದಲ್ಲಿ ತೊಳೆದ ತಾರೀಖು ಬರೆದು, ಕೆಳಗೆ ಮೂರು ಖಾಲಿ ಗೆರೆ ಎಳೆದು ಹೋಗಿದ್ದಾನೆ. ದಸರೆಯಲ್ಲಿ ಎರಡನೇ ಗೆರೆ ತುಂಬಿಸಿದೆ. ಫೋನ್ ಮಾಡಿದಾಗ ಅಜ್ಜಿಯನ್ನು ಕೇಳುವ ಮೊದಲೇ ಟಾಕಿಯನ್ನು ಕೇಳುತ್ತಾನೆ.