ಪ್ರೆಸ್ಸಿನೋರು ಎಕ್ಸ್-1ಎ ಕೇಳಿದ್ರೆ ಕೊಡಿ, ಆದ್ರೆ ಚಪ್ಪಟೆ ಮಾಡೋ ಕೆಲಸ ನಿಮ್ಮ ಕೈಯಲ್ಲೇ ಇರಲಿ

ಪ್ರೆಸ್ಸಿಗೆ ಫೈಲ್ ಕಳಿಸೋ ಮುಂಚೆ 🖨️ ಭಾಗ 4
(ಉದ್ದ ಇದೆ. ಮ್ಯಾಗಜೀನ್ ಕಮಿಟಿಯಲ್ಲಿ ಇರೋರು ಪೂರ್ತಿ ಓದಿ, ಸೇವ್ ಮಾಡಿಟ್ಕೊಳ್ಳಿ.)

ಕಾಲೇಜು ಮ್ಯಾಗಜೀನ್ ಲೇಔಟ್ ಮುಗೀತು. ಪ್ರೆಸ್ಸಿಂದ ಮೆಸೇಜ್ ಬಂತು: "ಪಿಡಿಎಫ್ ಎಕ್ಸ್-1ಎ ಕಳ್ಸಿ." ನೀವು ಇನ್‌ಡಿಸೈನ್‌ನಲ್ಲಿ `[PDF/X-1a:2001]` ಆರಿಸಿ ಎಕ್ಸ್‌ಪೋರ್ಟ್ ಒತ್ತಿದ್ರಿ. ಚೆಕ್ ಮಾಡಿದಾಗ ಹಸಿರು ಟಿಕ್ ಬಂತು, ಫೈಲ್ ಹೋಯ್ತು. ನನ್ನ ತಕರಾರು ಇರೋದು ಆ ಹಸಿರು ಟಿಕ್ ಮೇಲೆ ನಾವು ಇಡೋ ನಂಬಿಕೆ ಬಗ್ಗೆ. ಫೈಲಲ್ಲಿ ನಿಯಮಕ್ಕೆ ವಿರುದ್ಧವಾದದ್ದು ಏನೂ ಇಲ್ಲ ಅಂತಷ್ಟೇ ಅದು ಹೇಳುತ್ತೆ. ನಿಮ್ಮ 9 ಪಾಯಿಂಟ್ ಅಕ್ಷರ ಪ್ಲೇಟ್ ಮೇಲೆ ಹೇಗೆ ಬೀಳುತ್ತೆ ಅನ್ನೋದನ್ನ ಅದು ಹೇಳಲ್ಲ.

ಮೊದಲು ಆ ನಿಯಮ ಏನು ಅಂತ ನೋಡೋಣ. ಎಕ್ಸ್-1ಎ ಅನ್ನೋದು 2001ರ ಐಎಸ್‌ಒ 15930-1 ಮಾನದಂಡ. ಫೈಲ್ ಕಳಿಸಿದವರನ್ನ ಮತ್ತೆ ಏನೂ ಕೇಳದೇ ಪ್ರೆಸ್ಸಿನೋರು ಪ್ಲೇಟ್ ಮಾಡೋ ಹಾಗಿರಬೇಕು ಅನ್ನೋದು ಅದರ ಉದ್ದೇಶ. ಅದಕ್ಕೇ ಫಾಂಟ್ ಎಲ್ಲಾ ಫೈಲ್ ಒಳಗೇ ಇರಬೇಕು. ಬಣ್ಣ ಸಿಎಂವೈಕೆಯಲ್ಲಿ ಅಥವಾ ಸ್ಪಾಟ್ ಕಲರ್‌ನಲ್ಲಿ ಮಾತ್ರ ಇರಬೇಕು, ಆರ್‌ಜಿಬಿಗೆ ಜಾಗ ಇಲ್ಲ. ಯಾವ ಪ್ರಿಂಟಿಂಗ್ ಪರಿಸ್ಥಿತಿಗೆ ಅಂತ ತಯಾರಾಗಿದೆ ಅನ್ನೋದನ್ನೂ ಫೈಲಲ್ಲೇ ಹೇಳಿರಬೇಕು. ಇದು ಪಿಡಿಎಫ್ 1.3ರ ಮೇಲೆ ನಿಂತಿದೆ, ಪಾರದರ್ಶಕತೆ ಬಂದದ್ದು ಅದರ ಮುಂದಿನ 1.4ರಲ್ಲಿ. ಹಾಗಾಗಿ ನೆರಳು, ಮಸುಕು ಅಂಚು, ಅರ್ಧ ಕಾಣೋ ಬಣ್ಣದ ಪಟ್ಟಿ ಇದ್ರೆ ಅದನ್ನೆಲ್ಲ ಮೊದಲೇ ಚಪ್ಪಟೆ ಮಾಡಿರಬೇಕು. ಇದನ್ನೇ ಫ್ಲಾಟನ್ ಮಾಡೋದು ಅಂತೀವಿ.

ಅಂದ್ರೆ ಎರಡು ತೀರ್ಮಾನ ಆಗಲೇಬೇಕು: ನೆರಳನ್ನ ಹೇಗೆ ಒಡೆಯೋದು, ಬಣ್ಣವನ್ನ ಯಾವುದಕ್ಕೆ ಬದಲಿಸೋದು. ನೀವು ಮಾಡದಿದ್ರೆ ಸಾಫ್ಟ್‌ವೇರ್ ಮಾಡುತ್ತೆ. ಇಲ್ಲ ರಾತ್ರಿ ಹತ್ತು ಗಂಟೆಗೆ ಪ್ಲೇಟ್ ಹಾಕೋ ಆಪರೇಟರ್ ಅಣ್ಣ ಮಾಡ್ತಾರೆ. ಇಬ್ಬರಿಗೂ ನಿಮ್ಮ ಪುಟದ ಪರಿಚಯ ಇಲ್ಲ.

👉 ಒಂದು ಪುಟ ತಗೊಳ್ಳಿ

ಎಡಗಡೆ ಸ್ಪೋರ್ಟ್ಸ್ ಡೇ ಫೋಟೊ, ಅದಕ್ಕೊಂದು ಮೆತ್ತನೆಯ ನೆರಳು. ಪಕ್ಕದಲ್ಲಿ 9 ಪಾಯಿಂಟ್ ಕಪ್ಪು ಕನ್ನಡ ಪಠ್ಯ. ಫೋಟೊವನ್ನ ಕೊನೆಗೆ ಇಟ್ಟಿದ್ರಿಂದ ಅದು ಪಠ್ಯದ ಮೇಲಿನ ಸ್ಥಾನದಲ್ಲಿದೆ. ನೆರಳಿನ ಅಂಚು ಪ್ರತಿ ಸಾಲಿನ ಮೊದಲ ಎರಡು ಮೂರು ಅಕ್ಷರದ ಮೇಲೆ ಹಾದು ಹೋಗುತ್ತೆ. ಆ ಅಂಚು ಎಷ್ಟು ತೆಳು ಅಂದ್ರೆ ಸ್ಕ್ರೀನಲ್ಲಿ ಕಾಣೋದೇ ಇಲ್ಲ.

ಫ್ಲಾಟನ್ ಮಾಡುವಾಗ ಸಾಫ್ಟ್‌ವೇರ್ ನೆರಳು ಮುಟ್ಟಿದ ಜಾಗವನ್ನೆಲ್ಲ ತುಂಡು ತುಂಡಾಗಿ ಕತ್ತರಿಸುತ್ತೆ. ನೆರಳಿನ ಕೆಳಗೆ ಸಿಕ್ಕಿಕೊಂಡ ಅಕ್ಷರ ಇನ್ನು ಅಕ್ಷರವಾಗಿ ಉಳಿಯಲ್ಲ. ಅದು ಔಟ್‌ಲೈನ್ ಆಗುತ್ತೆ, ಇಲ್ಲ ಚಿತ್ರವಾಗುತ್ತೆ. ಆಚೆ ಇರೋ ಅಕ್ಷರ ಮಾತ್ರ ಫಾಂಟಾಗೇ ಉಳಿಯುತ್ತೆ. ಫಾಂಟ್ ಒಳಗಿನ ಹಿಂಟಿಂಗ್ ಔಟ್‌ಲೈನಿಗೆ ಸಿಗಲ್ಲ, ಹಾಗಾಗಿ ಒಂದೇ ಸಾಲಲ್ಲಿ ಮೊದಲ ಮೂರು ಅಕ್ಷರ ದಪ್ಪ, ಉಳಿದದ್ದು ಸಣ್ಣ ಆಗಿ ಕಾಣಬಹುದು. ಕಡಿಮೆ ರೆಸಲ್ಯೂಷನ್ನಿನಲ್ಲಿ ಚಿತ್ರವಾದ್ರೆ ಇನ್ನೂ ಕಷ್ಟ. ಇಂಗ್ಲಿಷಿನ ಎ, ಓ ಹೇಗೋ ತಡ್ಕೊಳ್ಳುತ್ತೆ. ನಮ್ಮ ಒತ್ತಕ್ಷರ, ಅಂದ್ರೆ "ಸ್ತ್ರ", "ಕ್ಷ್ಮ" ಥರದ್ದು, ಒಳಗಿನ ಸಣ್ಣ ಬಿಳಿ ಜಾಗ ಮುಚ್ಚಿಹೋಗಿ ಮಸಿಯ ಚುಕ್ಕೆ ಆಗುತ್ತೆ.

ಇದಕ್ಕೆ ಮದ್ದು ಬಹಳ ಸರಳ. ಪಠ್ಯವನ್ನ ಬೇರೆ ಲೇಯರಿಗೆ ಹಾಕಿ, ಎಲ್ಲಕ್ಕಿಂತ ಮೇಲೆ ಇಡಿ. ನೆರಳಿನ ಮೇಲಿರೋ ಅಪಾರದರ್ಶಕ ಅಕ್ಷರವನ್ನ ಫ್ಲಾಟನ್ ಮಾಡೋ ಅಗತ್ಯ ಬರಲ್ಲ, ಕೆಳಗಿದ್ರೆ ಮಾತ್ರ ಬರುತ್ತೆ. ಆಮೇಲೆ `Flattener Preview` ತೆರೆದು `All Affected Objects` ಹಾಕಿ ನೋಡಿ. ಫ್ಲಾಟನ್ ಆಗುವಾಗ ಏಟು ತಿನ್ನೋ ವಸ್ತುಗಳೆಲ್ಲ ಕೆಂಪಾಗಿ ಕಾಣುತ್ತೆ. ಪಠ್ಯದ ಮೇಲೆ ಕೆಂಪು ಇರಬಾರದು, ಅಷ್ಟೇ. ಪ್ರಿಸೆಟ್ `[High Resolution]` ಇರಲಿ. ಅದರಲ್ಲಿ ಗೆರೆ ಮತ್ತು ಅಕ್ಷರಕ್ಕೆ 1200 ಪಿಪಿಐ, ಗ್ರೇಡಿಯಂಟಿಗೆ 300. `[Medium Resolution]` ಅಂದ್ರೆ ಅಕ್ಷರಕ್ಕೂ 300 ಮಾತ್ರ, ಅದು ಆಫ್‌ಸೆಟ್ಟಿಗೆ ಸಾಲದು.

ಒಂದು ಸುಳ್ಳು ಭಯವನ್ನೂ ಬಿಡಿ. ಫ್ಲಾಟನ್ ಆದ ಪಿಡಿಎಫ್‌ನಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಕಾಣಿಸಬಹುದು. ಝೂಮ್ ಮಾಡಿ ನೋಡಿ. ಎಷ್ಟು ದೊಡ್ಡದು ಮಾಡಿದ್ರೂ ಗೆರೆ ಅಷ್ಟೇ ತೆಳ್ಳಗೆ ಇದ್ರೆ ಅದು ತುಂಡುಗಳ ಸಂದಿಯನ್ನ ಸ್ಕ್ರೀನ್ ನಯ ಮಾಡೋಕೆ ಹೋಗಿ ಆಗಿದ್ದು, ಪ್ಲೇಟಿಗೆ ಸಾಮಾನ್ಯವಾಗಿ ಬರಲ್ಲ. ಝೂಮ್ ಜೊತೆ ಗೆರೆಯೂ ದಪ್ಪ ಆಗ್ತಾ ಹೋದ್ರೆ ಮಾತ್ರ ನಿಜವಾದ ಸಂದಿ.

👉 ಈಗ ಅದೇ ಪುಟದ ಕಪ್ಪು

ಪ್ರೆಸ್ಸಲ್ಲಿ ಕಪ್ಪು ಅಕ್ಷರ ಅಂದ್ರೆ ಒಂದೇ ಪ್ಲೇಟ್: ಕಪ್ಪು 100, ಉಳಿದ ಮೂರೂ 0. ಸ್ಕ್ರೀನಿನ ಕಪ್ಪು ಅಂದ್ರೆ ಆರ್‌ಜಿಬಿ 0, 0, 0. ಇದನ್ನ ಅಡೋಬಿಯ ಅಮೆರಿಕನ್ ಡೀಫಾಲ್ಟ್ ಪ್ರೊಫೈಲಾದ `U.S. Web Coated (SWOP) v2`ಗೆ ಬದಲಿಸಿದ್ರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಬರುತ್ತೆ. ಕೂಡಿಸಿ ನೋಡಿ, 300. ಒಂದು ಪ್ಲೇಟಲ್ಲಿ ಆಗಬೇಕಿದ್ದ ಅಕ್ಷರ ನಾಲ್ಕು ಪ್ಲೇಟಿಗೆ ಹಂಚಿಹೋಯ್ತು. ನಾಲ್ಕರಲ್ಲಿ ಒಂದು ಸ್ವಲ್ಪ ಸರಿದ್ರೂ ಅಕ್ಷರದ ಅಂಚಲ್ಲಿ ಕೆಂಪೋ ನೀಲಿಯೋ ನೆರಳು ಕಾಣುತ್ತೆ. ಪ್ರೆಸ್ಸಿನೋರು "ರಿಜಿಸ್ಟರ್ ಔಟ್" ಅಂತಾರಲ್ಲ, ಅದೇ. ಮಷಿನ್ ಎಷ್ಟೇ ಚೆನ್ನಾಗಿ ಓಡಿಸಿದ್ರೂ 9 ಪಾಯಿಂಟ್ ಒತ್ತಕ್ಷರದ ಮೇಲೆ ನಾಲ್ಕು ಇಂಕನ್ನ ಕರಾರುವಾಕ್ಕಾಗಿ ಕೂರಿಸೋದು ಅನ್ಯಾಯದ ಬೇಡಿಕೆ.

"ನಾನು ಆರ್‌ಜಿಬಿ ಬಳಸೇ ಇಲ್ಲ" ಅಂತೀರಾ? ಆಗಲೂ ಎರಡು ದಾರಿಯಲ್ಲಿ ಇದು ನುಗ್ಗುತ್ತೆ.

ಒಂದು, ನೆರಳಿನ ದಾರಿ. `Transparency Blend Space` ಅನ್ನೋ ಸೆಟ್ಟಿಂಗ್ `Document RGB`ಯಲ್ಲಿದ್ರೆ, ನೆರಳಿರೋ ಸ್ಪ್ರೆಡ್ಡಿನ ಬಣ್ಣಗಳು ಆರ್‌ಜಿಬಿಗೆ ಹೋಗಿ ಬೆರೆತು ಮತ್ತೆ ಸಿಎಂವೈಕೆಗೆ ವಾಪಸ್ ಬರುತ್ತೆ. ಹೋಗುವಾಗ ಒಂಟಿ ಕಪ್ಪಾಗಿ ಹೋದದ್ದು ಬರುವಾಗ ನಾಲ್ಕಾಗಿ ಬರುತ್ತೆ. ನೆರಳಿರೋ ಪುಟದಲ್ಲಿ ಮಾತ್ರ ಕಪ್ಪಿನ ಬಣ್ಣ ಬೇರೆ ಅನ್ನಿಸಿದ್ರೆ ಮೊದಲು ಇದನ್ನ ಅನುಮಾನಿಸಿ. ಪ್ರಿಂಟಿಗೆ ಇದು `Document CMYK` ಆಗಿರಲಿ.

ಎರಡು, ಪ್ರೊಫೈಲಿನ ದಾರಿ. ಎಕ್ಸ್‌ಪೋರ್ಟಿನ `Output` ಭಾಗದಲ್ಲಿ `Convert to Destination` ಅಂತ ಒಂದಿದೆ, `Convert to Destination (Preserve Numbers)` ಅಂತ ಇನ್ನೊಂದಿದೆ. ಡಾಕ್ಯುಮೆಂಟಿನ ಪ್ರೊಫೈಲ್ ಒಂದು, ಪ್ರೆಸ್ಸಿನ ಪ್ರೊಫೈಲ್ ಇನ್ನೊಂದು ಆಗಿದ್ದಾಗ ಮೊದಲನೆಯದು ಸಿಎಂವೈಕೆಯನ್ನೂ ಮತ್ತೆ ಲೆಕ್ಕ ಹಾಕುತ್ತೆ. "ಆ ಕಪ್ಪು ಕಣ್ಣಿಗೆ ಹೇಗೆ ಕಾಣ್ತಿತ್ತೋ ಹಾಗೇ ಕಾಣಲಿ" ಅಂತ ಹೊಸ ಅಂಕಿ ಹುಡುಕುತ್ತೆ, ಒಂಟಿ ಕಪ್ಪು ಮತ್ತೆ ನಾಲ್ಕಾಗುತ್ತೆ. ಎರಡನೆಯದು ನೀವು ಕೊಟ್ಟ ಸಿಎಂವೈಕೆ ಅಂಕಿಯನ್ನ ಮುಟ್ಟದೆ, ಆರ್‌ಜಿಬಿ ಫೋಟೊಗಳನ್ನ ಮಾತ್ರ ಬದಲಿಸುತ್ತೆ. ನಮಗೆ ಬೇಕಿರೋದು ಇದೇ.

ಹಾಗಾಗಿ ಫೋಟೊಗಳನ್ನ ಫೋಟೊಶಾಪಲ್ಲಿ ಮುಂಚೆನೇ ಸಿಎಂವೈಕೆ ಮಾಡಿಡೋ ಅಭ್ಯಾಸ ಬಿಡಿ ಅಂತೀನಿ. ಹಾಗೆ ಮಾಡಿದ್ರೆ ಆ ಅಂಕಿಗಳು ಯಾವುದೋ ಡೀಫಾಲ್ಟ್ ಪ್ರೊಫೈಲಿಗೆ ಗಟ್ಟಿಯಾಗಿ ಕೂತುಬಿಡುತ್ತೆ. ಮೇಲೆ ಹೇಳಿದ ಪ್ರೊಫೈಲ್ ಅಮೆರಿಕದ ವೆಬ್ ಆಫ್‌ಸೆಟ್ಟಿಗೆ, ನಯವಾದ ಕೋಟೆಡ್ ಕಾಗದಕ್ಕೆ ಅಂತ ಮಾಡಿದ್ದು. ನಿಮ್ಮ ಒಳಪುಟ ಮ್ಯಾಪ್‌ಲಿಥೊ ಮೇಲೆ, ಶೀಟ್‌ಫೆಡ್ ಮಷಿನಲ್ಲಿ ಓಡುತ್ತೆ. ಮ್ಯಾಪ್‌ಲಿಥೊ ಇಂಕ್ ಹೀರುತ್ತೆ, ಚುಕ್ಕೆ ಅಗಲ ಆಗುತ್ತೆ, ಫೋಟೊದ ಕತ್ತಲ ಭಾಗ ಕೆಸರಾಗುತ್ತೆ. ಫೋಟೊ ಆರ್‌ಜಿಬಿಯಲ್ಲೇ, ತನ್ನ ಪ್ರೊಫೈಲ್ ಸಮೇತ ಲೇಔಟಲ್ಲಿ ಇರಲಿ. ಕಾಗದ ಯಾವುದು, ಪ್ರೊಫೈಲ್ ಯಾವುದು ಅಂತ ಪ್ರೆಸ್ಸಿಂದ ತಿಳ್ಕೊಂಡು, ಎಕ್ಸ್‌ಪೋರ್ಟಿನಲ್ಲಿ ಒಂದೇ ಒಂದು ಸಲ ಬದಲಿಸಿ. ರಕ್ಷಾಪುಟ ಆರ್ಟ್ ಪೇಪರ್ ಆಗಿದ್ರೆ ಅದನ್ನ ಬೇರೆ ಫೈಲಾಗಿ, ಬೇರೆ ಪ್ರೊಫೈಲಿಗೆ ತೆಗೀಬೇಕು.

👉 ಕಳಿಸೋ ಮುಂಚೆ ಎರಡು ನಿಮಿಷ

ಅಕ್ರೋಬ್ಯಾಟ್ ಪ್ರೊ ಇದ್ರೆ `Output Preview` ತೆರೆದು `Black` ಪ್ಲೇಟಿನ ಟಿಕ್ ತೆಗೀರಿ. ಪಠ್ಯ ಪೂರ್ತಿ ಮಾಯ ಆಗಬೇಕು. ಮಂಕಾದ ಅಕ್ಷರ ಉಳಿದ್ರೆ ಅದು ನಾಲ್ಕು ಬಣ್ಣದ ಕಪ್ಪು.

ಅಕ್ರೋಬ್ಯಾಟ್ ಇಲ್ವಾ? ಗೋಸ್ಟ್‌ಸ್ಕ್ರಿಪ್ಟ್ ಉಚಿತ. ಸಿಎಂವೈಕೆ ಆದ ಫೈಲ್ ಮೇಲೆ ಇದನ್ನ ಓಡಿಸಿ (ವಿಂಡೋಸಲ್ಲಿ `gs` ಬದಲು `gswin64c`):

```
gs -q -o - -sDEVICE=inkcov olaputa.pdf
```

ಪುಟಕ್ಕೊಂದು ಸಾಲು ಬರುತ್ತೆ, ಸಯಾನ್, ಮಜೆಂಟಾ, ಹಳದಿ, ಕಪ್ಪು ಅದೇ ಕ್ರಮದಲ್ಲಿ. ಬರೀ ಪಠ್ಯದ ಪುಟದಲ್ಲಿ ಮೊದಲ ಮೂರೂ ಸೊನ್ನೆ ಇರಬೇಕು. ಸೊನ್ನೆ ಇಲ್ದಿದ್ರೆ ಆ ಪುಟಕ್ಕೆ ವಾಪಸ್ ಹೋಗಿ. ಫೋಟೊ ಇರೋ ಪುಟಕ್ಕೆ ಈ ಪರೀಕ್ಷೆ ಉಪಯೋಗ ಇಲ್ಲ, ಅಲ್ಲಿ ನಾಲ್ಕೂ ಬರೋದು ಸಹಜ. ಅದಕ್ಕೆ ಕಣ್ಣೇ ಗತಿ.

👉 ಹಾಗಾದ್ರೆ ಎಕ್ಸ್-1ಎ ಯಾಕೆ ಬೇಕು?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಸಾಧ್ಯ ಇದ್ದಲ್ಲೆಲ್ಲ ಎಕ್ಸ್-4 ಕೊಡಿ. ಅದು 2008ರಲ್ಲಿ ಐಎಸ್‌ಒ 15930-7 ಆಗಿ ಬಂತು. ಅದರಲ್ಲಿ ನೆರಳು ನೆರಳಾಗೇ ಉಳಿಯುತ್ತೆ, ಫೋಟೊ ತನ್ನ ಪ್ರೊಫೈಲ್ ಜೊತೆ ಆರ್‌ಜಿಬಿಯಲ್ಲೇ ಹೋಗಬಹುದು. ಒಡೆಯೋದು, ಬದಲಿಸೋದು ಎರಡೂ ಪ್ಲೇಟ್ ತೆಗೆಯೋ ರಿಪ್‌ನಲ್ಲಿ, ಆ ಮಷಿನಿನ ರೆಸಲ್ಯೂಷನ್ನಿಗೆ ಸರಿಯಾಗಿ ಆಗುತ್ತೆ. ಪಾರದರ್ಶಕತೆಯನ್ನ ನೇರವಾಗಿ ಅರ್ಥ ಮಾಡ್ಕೊಳ್ಳೋ ಅಡೋಬಿಯ ಪ್ರಿಂಟ್ ಎಂಜಿನ್ ಬಂದದ್ದೇ 2006ರಲ್ಲಿ.

ಆದ್ರೆ ಪ್ರೆಸ್ಸಿನೋರ ಮಾತಲ್ಲೂ ನ್ಯಾಯ ಇದೆ. ಹಳೇ ಪೋಸ್ಟ್‌ಸ್ಕ್ರಿಪ್ಟ್ ರಿಪ್ ಚೆನ್ನಾಗಿ ಓಡ್ತಾ ಇರುವಾಗ ನಮ್ಮ ಒಂದು ಮ್ಯಾಗಜೀನಿಗೋಸ್ಕರ ಯಾರೂ ಅದನ್ನ ಬದಲಿಸಲ್ಲ. ಅಂಥ ರಿಪ್‌ಗೆ ಎಕ್ಸ್-4 ಕೊಟ್ರೆ ನೆರಳಿನ ಜಾಗದಲ್ಲಿ ಬಿಳಿ ಡಬ್ಬ ಬರಬಹುದು. ಅಂಥ ಕಡೆ ಎಕ್ಸ್-1ಎ ಕೇಳೋದು ಸರಿ, ನಾವು ಕೊಡೋದೂ ಸರಿ. ನಾನು ಒಪ್ಪದೇ ಇರೋದು "ಹೇಗಾದ್ರೂ ಕಳ್ಸಿ, ನಾವು ಮಾಡ್ಕೋತೀವಿ" ಅನ್ನೋ ಮಾತನ್ನ. ಅವರು ಮಾಡ್ಕೊಂಡದ್ದು ನಿಮಗೆ ಗೊತ್ತಾಗೋದು ಫಾರಂ ಮಡಚಿ, ಬೈಂಡ್ ಆಗಿ, ಡಬ್ಬದಲ್ಲಿ ಬಂದ ಮೇಲೆ. ಅಷ್ಟೊತ್ತಿಗೆ ಪ್ಲೇಟಿಗೂ ಕಾಗದಕ್ಕೂ ದುಡ್ಡು ಹೋಗಿರುತ್ತೆ, ತನ್ನ ಮೊದಲ ಕವಿತೆ ಅಚ್ಚಾದ ಜೂನಿಯರ್ ಹೆಸರು ಮಸಿಯ ಮುದ್ದೆ ಆಗಿರುತ್ತೆ.

ಅದಕ್ಕೇ ಲೇಔಟ್ ಶುರು ಮಾಡೋ ದಿನವೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: "ಸರ್, ನಿಮ್ಮ ರಿಪ್ ಎಕ್ಸ್-4 ತಗೊಳ್ಳುತ್ತಾ?" "ಈ ಕಾಗದಕ್ಕೆ ಯಾವ ಪ್ರೊಫೈಲ್ ಹಾಕ್ಲಿ, ಒಟ್ಟು ಇಂಕ್ ಎಷ್ಟು ಪರ್ಸೆಂಟ್ ಒಳಗಿರಬೇಕು?" ಉತ್ತರ ಎಕ್ಸ್-1ಎ ಅಂತಲೇ ಬಂದ್ರೂ ಪರವಾಗಿಲ್ಲ. ನೆರಳಿರೋ ಮೂಲ ಫೈಲನ್ನ ಜೋಪಾನವಾಗಿ ಇಟ್ಕೊಂಡು, ಕೊನೇ ಹಂತದಲ್ಲಿ ನೀವೇ ಫ್ಲಾಟನ್ ಮಾಡಿ, ಕಪ್ಪು ಪ್ಲೇಟ್ ಆರಿಸಿ ನೋಡಿ, ಆಮೇಲೆ ಕಳಿಸಿ. ತಿದ್ದುಪಡಿ ಬಂದ್ರೆ ಮೂಲ ಫೈಲಲ್ಲಿ ತಿದ್ದಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಚಪ್ಪಟೆಯಾದ ಪಿಡಿಎಫ್‌ನ ತಿದ್ದೋಕೆ ಹೋಗಬೇಡಿ.

ನಿಮ್ಮೂರಿನ ಪ್ರೆಸ್ ಯಾವುದು ಕೇಳುತ್ತೆ, ಎಕ್ಸ್-1ಎನಾ ಎಕ್ಸ್-4ಆ? ಪ್ರೆಸ್ಸಿನ ಹೆಸರು ಬೇಡ, ಊರು ಹೇಳಿ ಸಾಕು. ಭಾಗ 5ರಲ್ಲಿ ಬ್ಲೀಡ್ ಮತ್ತು ಟ್ರಿಮ್.

#ಪ್ರೆಸ್ಸಿಗೆಫೈಲ್ #ಕಾಲೇಜುಮ್ಯಾಗಜೀನ್ #ಕನ್ನಡಅಕ್ಷರ #ಆಫ್‌ಸೆಟ್