ಮಿದುಳಿನ ಕಡಲಕುದುರೆ

ಮಿದುಳಿನ ಎಂ.ಆರ್.ಐ. ವರದಿಯ ಕೊನೆಯ ಸಾಲಿನಲ್ಲಿ ‘ಸಹಜವಾಗಿದೆ’ ಎಂಬ ಮಾತನ್ನು ಕಂಡೊಡನೆ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುವುದುಂಟು. ಆದರೆ ಮತ್ತೆ ಮತ್ತೆ ಮೂರ್ಛೆ ಬರುತ್ತಿರುವವರ ಮಟ್ಟಿಗೆ ಆ ಮಾತಿನ ಬೆಲೆ ಎರಡು ಸಂಗತಿಗಳನ್ನು ಅವಲಂಬಿಸಿದೆ. ಚಿತ್ರವನ್ನು ಯಾವ ಕ್ರಮದಲ್ಲಿ ತೆಗೆದರು ಎಂಬುದು ಒಂದು. ಅದನ್ನು ಓದಿದವರು ಏನನ್ನು ಹುಡುಕುತ್ತಿದ್ದರು ಎಂಬುದು ಇನ್ನೊಂದು.

ಇದು ಬರಿಯ ಸಂಶಯವಲ್ಲ. ಜರ್ಮನಿಯ ಬಾನ್ ನಗರದ ವೈದ್ಯರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಔಷಧಕ್ಕೆ ಬಗ್ಗದ ಮೂರ್ಛೆರೋಗಿಗಳ ಚಿತ್ರಗಳನ್ನು ಮೂರು ಬಗೆಯಾಗಿ ಹೋಲಿಸಿ ನೋಡಿದರು. ಸಾಮಾನ್ಯ ಕ್ರಮದಲ್ಲಿ ತೆಗೆದ ಚಿತ್ರವನ್ನು ಮೂರ್ಛೆರೋಗದಲ್ಲಿ ವಿಶೇಷ ಪರಿಣತಿಯಿಲ್ಲದವರು ಓದಿದಾಗ, ಇದ್ದ ದೋಷಗಳಲ್ಲಿ ಪತ್ತೆಯಾದುವು ಶೇಕಡ 39. ಅವೇ ಚಿತ್ರಗಳನ್ನು ನುರಿತವರು ಓದಿದಾಗ ಶೇಕಡ 50. ಮೂರ್ಛೆರೋಗಕ್ಕೆಂದೇ ಗೊತ್ತುಮಾಡಿದ ಕ್ರಮದಲ್ಲಿ ಹೊಸದಾಗಿ ತೆಗೆದ ಚಿತ್ರಗಳನ್ನು ಅವರು ಓದಿದಾಗ ಶೇಕಡ 91. ಮಿದುಳು ಅದೇ, ರೋಗವೂ ಅದೇ. ಬದಲಾದದ್ದು ನೋಡುವ ವಿಧಾನವೊಂದೇ.

ವಿಷಯ ಮನದಟ್ಟಾಗಲು, ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳನ್ನು ಒಂದುಗೂಡಿಸಿ, ಇಪ್ಪತ್ತಾರು ವರ್ಷದ ತರುಣಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಒಂದೂವರೆ ವರ್ಷದ ಕೂಸಾಗಿದ್ದಾಗ ಜ್ವರದ ತಾಪದಲ್ಲಿ ಆಕೆಗೆ ಅರ್ಧ ಗಂಟೆಗೂ ಮಿಕ್ಕಿ ಸೆಳವು ಬಂದಿತ್ತು. ಆಮೇಲೆ ಹನ್ನೆರಡು ವರ್ಷ ಏನೂ ಇಲ್ಲ. ಹದಿನಾಲ್ಕರ ಸುಮಾರಿಗೆ ಹೊಸ ಬಗೆಯ ತೊಂದರೆ ಕಾಣಿಸಿಕೊಂಡಿತು. ಮೊದಲು ಹೊಟ್ಟೆಯೊಳಗಿನಿಂದ ಏನೋ ಮೇಲಕ್ಕೇರಿ ಬಂದಂತೆ ಅನುಭವ, ಒಡನೆಯೇ ಕಾರಣವಿಲ್ಲದ ಭಯ. ಮರುಕ್ಷಣ ಕಣ್ಣು ನೆಟ್ಟ ನೋಟವಾಗುತ್ತದೆ, ತುಟಿ ಚಪ್ಪರಿಸುತ್ತಾಳೆ, ಎಡಗೈ ಸೀರೆಯ ಸೆರಗನ್ನು ಹೊಸೆಯುತ್ತಿರುತ್ತದೆ, ಬಲಗೈ ಮಾತ್ರ ಸೆಟೆದು ತಿರುಚಿಕೊಂಡು ನಿಲ್ಲುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲ ಶಮನ. ಆದರೆ ಅನಂತರವೂ ಸ್ವಲ್ಪ ಹೊತ್ತು ಮಾತು ತಡವರಿಸುತ್ತದೆ. ಎದುರಿಗಿರುವ ಲೋಟದ ಹೆಸರೂ ಬಾಯಿಗೆ ಬಾರದು. ಕೆಳಕ್ಕೆ ಬಿದ್ದು ನೊರೆ ಕಾರಿದರೆ ಮಾತ್ರ ಮೂರ್ಛೆಯೆಂದು ತಿಳಿದ ನಮ್ಮ ಜನ ಇದನ್ನು ಬಹುಕಾಲ ‘ಮೈಮರೆವು’ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕಾರ್ಬಮಜೆಪೀನ್ ಕೊಟ್ಟರು; ತಕ್ಕ ಪ್ರಮಾಣಕ್ಕೆ ಏರಿಸಿದರು. ಲೆವೆಟಿರಾಸಿಟಮ್ ಸೇರಿಸಿದರು. ತಿಂಗಳಿಗೆ ನಾಲ್ಕೈದು ಬಾರಿ ಬರುವುದು ತಪ್ಪಲಿಲ್ಲ. ಹೀಗೆ ಸರಿಯಾಗಿ ಆರಿಸಿದ ಎರಡು ಔಷಧಗಳು, ತಕ್ಕ ಪ್ರಮಾಣದಲ್ಲಿ ಕೊಟ್ಟ ಮೇಲೂ, ಮೂರ್ಛೆಯನ್ನು ಹಿಡಿದು ನಿಲ್ಲಿಸದಿದ್ದರೆ ಅದನ್ನು ‘ಔಷಧಕ್ಕೆ ಬಗ್ಗದ ಮೂರ್ಛೆ’ ಎನ್ನಬೇಕೆಂದು ಮೂರ್ಛೆರೋಗದ ಅಂತರರಾಷ್ಟ್ರೀಯ ಸಂಘ 2010ರಲ್ಲಿ ನಿರ್ಣಯಿಸಿದೆ. ಮೂರನೆಯದು, ನಾಲ್ಕನೆಯದು ಎಂದು ಮಾತ್ರೆ ಬದಲಿಸುತ್ತ ವರ್ಷಗಳನ್ನು ಕಳೆಯುವ ಬದಲು, ಮೂಲವೆಲ್ಲಿದೆಯೆಂದು ಹುಡುಕಬೇಕಾದ ಕಾಲವದು.

ಹಾಗೆಂದು ಆಕೆಯ ಚಿತ್ರ ತೆಗೆಸಿರಲಿಲ್ಲವೆಂದಲ್ಲ. ಹಿಂದೆಯೇ ತೆಗೆಸಿದ್ದ ಸಿ.ಟಿ. ಚಿತ್ರದಲ್ಲಿ ಮಿದುಳಿನ ಬಲಭಾಗದ ಹಿಂಬದಿಯಲ್ಲಿ ಸಾಸಿವೆಕಾಳಿನಷ್ಟು ಸುಣ್ಣಗಟ್ಟಿದ ಚುಕ್ಕೆಯೊಂದಿತ್ತು. ಸಾಮಾನ್ಯ ಕ್ರಮದ ಎಂ.ಆರ್.ಐ. ವರದಿ ಆ ಚುಕ್ಕೆಯನ್ನು ಬಿಟ್ಟರೆ ಉಳಿದೆಲ್ಲ ಸಹಜವೆಂದಿತ್ತು. ಅಂಥ ಚುಕ್ಕೆ ಲಾಡಿಹುಳುವಿನ ಮರಿಯೊಂದು ಎಂದೋ ಬಂದು ಸತ್ತು ಸುಣ್ಣವಾದ ಗುರುತಾಗಿರಬಹುದು. ಹಂದಿಯ ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಹುಳುವಿನ ಮೊಟ್ಟೆ ಸೇರಿದ ನೀರು, ತೊಳೆಯದ ಸೊಪ್ಪುಗಳಿಂದಲೂ ಅದು ದೇಹವನ್ನು ಹೊಕ್ಕೀತು. ನಮ್ಮ ದೇಶದಲ್ಲಿ ಮೂರ್ಛೆಗೆ ಇದೊಂದು ಮುಖ್ಯ ಕಾರಣವೆಂಬುದೂ ನಿಜವೇ. ಆದುದರಿಂದ ಮನೆಯವರು ಆ ಚುಕ್ಕೆಯನ್ನೇ ಅಪರಾಧಿಯೆಂದು ನಂಬಿಬಿಟ್ಟರು.

“ಎಲೆಕೋಸಿನ ಹುಳುವೇ ಇದಕ್ಕೆಲ್ಲ ಕಾರಣವಲ್ಲವೇ ಡಾಕ್ಟರೇ?” ಎಂದು ಇಂಥ ತಾಯಂದಿರು ಕೇಳುತ್ತಾರೆ.

“ಇರಬಹುದಮ್ಮ. ಆದರೆ ನಿಮ್ಮ ಮಗಳಿಗೆ ಸೆಟೆಯುವುದು ಬಲಗೈ, ತಡವರಿಸುವುದು ಮಾತು. ಬಲಗೈಯನ್ನು ಆಳುವುದು ಮಿದುಳಿನ ಎಡಭಾಗ; ಬಹುಪಾಲು ಜನರಲ್ಲಿ ಮಾತಿನ ನೆಲೆಯೂ ಅಲ್ಲಿಯೇ. ಚುಕ್ಕೆಯಿರುವುದು ಬಲಕ್ಕೆ. ಎರಡಕ್ಕೂ ತಾಳೆಯಾಗಲಿಲ್ಲ, ನೋಡಿ” ಎಂಬುದು ಬಲ್ಲ ವೈದ್ಯರ ಉತ್ತರ.

ಈ ತಾಳೆಯಾಗದಿರುವಿಕೆಯೇ ಮುಂದಿನ ದಾರಿಯನ್ನು ತೋರಿಸುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ಕಾರಣವಲ್ಲ. ಕಾರಣವಾದುದೆಲ್ಲ ಕಣ್ಣಿಗೆ ಬೀಳುವುದೂ ಇಲ್ಲ.

ಕಿವಿಯ ಮೇಲ್ಭಾಗಕ್ಕೆ ನೇರವಾಗಿ, ಮಿದುಳಿನ ಪಾರ್ಶ್ವದ ಒಳ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂಬಂತೆ ಬೆರಳುದ್ದಕ್ಕೂ ಕಡಿಮೆಯಾದ ಎರಡು ಬಾಗಿದ ಅಂಗಗಳಿವೆ. ಇಟಲಿಯ ಅರಾಂಶಿಯಸ್ ಎಂಬ ಅಂಗರಚನಾಶಾಸ್ತ್ರಜ್ಞ 1587ರಲ್ಲಿ ಇದರ ಆಕಾರವನ್ನು ಕಡಲಕುದುರೆಗೆ ಹೋಲಿಸಿದ. ಅದರ ಗ್ರೀಕ್ ಹೆಸರೇ ‘ಹಿಪ್ಪೊಕ್ಯಾಂಪಸ್’ ಎಂದು ಉಳಿದುಬಂದಿದೆ. ಹೊಸ ನೆನಪುಗಳು ನೆಲೆಗೊಳ್ಳಲು ಈ ಅಂಗ ಬೇಕೇ ಬೇಕು. ಇದರ ಕೆಲವು ಭಾಗಗಳ ನರಕೋಶಗಳು ಬಹು ಸೂಕ್ಷ್ಮಪ್ರಕೃತಿಯವು. ಅವು ಸತ್ತರೆ ಆ ಜಾಗವನ್ನು ಗಾಯ ಮಾದ ಕಲೆಯಂಥ ಬೇರೊಂದು ಅಂಗಾಂಶ ತುಂಬುತ್ತದೆ. ಅಂಗ ಕುಗ್ಗಿ ಗಡುಸಾಗುತ್ತದೆ. ಇದಕ್ಕೆ ಹಿಪ್ಪೊಕ್ಯಾಂಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ಎಳವೆಯಲ್ಲಿ ಜ್ವರದೊಡನೆ ಬಂದ ದೀರ್ಘವಾದ ಸೆಳವಿಗೂ ಇದಕ್ಕೂ ಸಂಬಂಧವನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ಜ್ವರದ ಸಾಮಾನ್ಯ ಸೆಳವು ಕೆಲವೇ ನಿಮಿಷಗಳಲ್ಲಿ ನಿಲ್ಲುವಂಥದು. ಅದರಿಂದ ಇಂಥ ಭಯ ಬೇಡ.

ಇಷ್ಟು ಸಣ್ಣ ಅಂಗ ಸಾಮಾನ್ಯ ಎಂ.ಆರ್.ಐ.ಯಲ್ಲಿ ಏಕೆ ತಪ್ಪಿಸಿಕೊಳ್ಳುತ್ತದೆ? ಈಳಿಗೆಮಣೆಯ ಮುಂದೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೌತೆಕಾಯಿಯನ್ನು ನೇರ ಅಡ್ಡಲಾಗಿ ಹೆಚ್ಚಿದರೆ ದುಂಡನೆಯ ಬಿಲ್ಲೆ ಬರುತ್ತದೆ. ಒಳಗಿನ ಬೀಜದ ಸಾಲುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಓರೆಯಾಗಿ ಹೆಚ್ಚಿದರೆ ಬಿಲ್ಲೆ ನೀಳವಾಗಿ, ಒಳಗಿನ ವಿನ್ಯಾಸ ಕದಡಿಹೋಗುತ್ತದೆ. ಸಾಮಾನ್ಯ ಚಿತ್ರಣದಲ್ಲಿ ಹೋಳುಗಳು ಸುಮಾರು 5 ಮಿಲಿಮೀಟರ್ ದಪ್ಪ. ನಡುವೆ ತುಸು ಅಂತರವೂ ಇರುತ್ತದೆ. ಅವು ಹಿಪ್ಪೊಕ್ಯಾಂಪಸ್ಸಿನ ಪಾಲಿಗೆ ಓರೆಯಾಗಿಯೇ ಬೀಳುತ್ತವೆ. ಮೂರ್ಛೆರೋಗದ ಕ್ರಮದಲ್ಲಿ ತಂತ್ರಜ್ಞರು ಮೊದಲು ಪಕ್ಕದಿಂದ ತೆಗೆದ ಚಿತ್ರದಲ್ಲಿ ಹಿಪ್ಪೊಕ್ಯಾಂಪಸ್ ಮಲಗಿರುವ ದಿಕ್ಕನ್ನು ಗುರುತಿಸಿ, ಆ ಉದ್ದಕ್ಕೆ ಸರಿಯಾಗಿ ಲಂಬವಾಗಿ ಹೋಳುಗಳನ್ನು ಜೋಡಿಸುತ್ತಾರೆ.

ಇದಕ್ಕೆಂದು ಅಂತರರಾಷ್ಟ್ರೀಯ ಸಂಘದ ತಜ್ಞರು 2019ರಲ್ಲಿ ಸೂಚಿಸಿದ ಕ್ರಮದಲ್ಲಿ ಮೂರು ಬಗೆಯ ಚಿತ್ರಗಳು ಮುಖ್ಯ. ಮಿದುಳಿನ ಆಕಾರವನ್ನು ತೋರಿಸುವ ‘ಟೀ-ಒನ್’ ಮತ್ತು ದ್ರವದ ಹೊಳಪನ್ನು ಅಡಗಿಸಿ ಕಲೆಯನ್ನಷ್ಟೇ ಬೆಳಗಿಸುವ ‘ಫ್ಲೇರ್’, ಇವೆರಡೂ ಇಡೀ ಮಿದುಳನ್ನು ಒಂದೊಂದು ಮಿಲಿಮೀಟರಿನ ಕಣಗಳಾಗಿ ಹಿಡಿಯುತ್ತವೆ. ಮೂರನೆಯದೇ ಆ ಲಂಬ ಹೋಳುಗಳ ‘ಟೀ-ಟೂ’ ಚಿತ್ರ. ಅದರ ಹೋಳು 2 ಮಿಲಿಮೀಟರ್ ದಪ್ಪ. ಸಾಧ್ಯವಿದ್ದಲ್ಲಿ 3 ಟೆಸ್ಲಾ ಶಕ್ತಿಯ ಯಂತ್ರವೇ ಮೇಲು. ಹಳೆಯ ರಕ್ತಸ್ರಾವದ ಕಲೆಗಳನ್ನೂ ಸುಣ್ಣಗಟ್ಟಿದ ಚುಕ್ಕೆಗಳನ್ನೂ ಕಪ್ಪಾಗಿ ತೋರಿಸುವ ಮತ್ತೊಂದು ಬಗೆಯನ್ನು ಸೇರಿಸಿಕೊಳ್ಳುವುದು ನಮ್ಮಲ್ಲಿ ಉಚಿತ.

ವೈದ್ಯರ ಚೀಟಿಯಲ್ಲಿ ‘ಮಿದುಳಿನ ಎಂ.ಆರ್.ಐ.’ ಎಂದಷ್ಟೇ ಇದ್ದರೆ ಇದೊಂದೂ ಆಗದು. ‘ಮೂರ್ಛೆರೋಗದ ಕ್ರಮ’ ಎಂಬ ಸೂಚನೆಯೂ, ಮೂರ್ಛೆ ಹೇಗೆ ಬರುತ್ತದೆ, ಯಾವ ಪಕ್ಕದ ಸಂಶಯ ಎಂಬ ನಾಲ್ಕು ಮಾತೂ ಅಲ್ಲಿರಬೇಕು. ಯಂತ್ರದೊಳಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ತಲೆ ಅಲುಗಿಸದೆ ಮಲಗುವುದು ರೋಗಿಯ ಪಾಲಿನ ಕೆಲಸ. ಅಲುಗಿದರೆ ಈ ಸೂಕ್ಷ್ಮವೆಲ್ಲ ಮಸುಕು.

ನಮ್ಮ ತರುಣಿಯ ಹೊಸ ಚಿತ್ರದಲ್ಲಿ ಎಡ ಹಿಪ್ಪೊಕ್ಯಾಂಪಸ್ ಬಲದ್ದಕ್ಕಿಂತ ಸಣ್ಣದಾಗಿತ್ತು; ಫ್ಲೇರ್ ಮತ್ತು ಟೀ-ಟೂ ಎರಡರಲ್ಲಿಯೂ ಬೆಳ್ಳಗೆ ಹೊಳೆಯುತ್ತಿತ್ತು; ಒಳಗಿನ ನವಿರಾದ ಪದರಗಳ ಗೆರೆ ಅಳಿಸಿಹೋಗಿತ್ತು. ಕುಗ್ಗುವಿಕೆ, ಹೊಳಪು, ಗೆರೆಯಳಿವು, ಈ ಮೂರೂ ಒಟ್ಟಿಗೆ ಕಂಡರೆ ಸಂಶಯಕ್ಕೆ ಎಡೆ ಕಡಿಮೆ. ಒಂದೊಂದೇ ಕಂಡರೆ ಎಚ್ಚರ ಬೇಕು. ತಲೆ ತುಸು ವಾಲಿದ್ದರೂ ಒಂದು ಪಕ್ಕ ಸಣ್ಣದೆಂಬ ಭ್ರಮೆ ಹುಟ್ಟುತ್ತದೆ. ಆರೋಗ್ಯವಂತರಲ್ಲಿಯೂ ಫ್ಲೇರ್ ಚಿತ್ರದಲ್ಲಿ ಈ ಭಾಗ ಕೊಂಚ ಬೆಳ್ಳಗೆ ಕಾಣುವುದುಂಟು. ಹಿಂದಿನ ದಿನವಷ್ಟೇ ದೀರ್ಘವಾದ ಮೂರ್ಛೆ ಬಂದಿದ್ದರೆ ಅಂಗ ಊದಿ ಹೊಳೆಯುತ್ತದೆ. ಅದು ಕುಗ್ಗಿದ್ದಲ್ಲ, ಊದಿದ್ದು. ಕೆಲವು ವಾರಗಳ ಬಳಿಕ ಮತ್ತೊಮ್ಮೆ ನೋಡಬೇಕಾಗುತ್ತದೆ. ಎರಡೂ ಪಕ್ಕ ಸಮನಾಗಿ ಕುಗ್ಗಿದ್ದರಂತೂ ಹೋಲಿಸಿ ನೋಡುವ ಕಣ್ಣು ಮೋಸಹೋಗುವುದು ಸುಲಭ. ಅಂಥಲ್ಲಿ ಗಾತ್ರವನ್ನು ಅಳೆದೇ ತೀರ್ಮಾನಿಸಬೇಕು. ಅಂದಹಾಗೆ, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಮನೆಯವರು ಒಂದನ್ನು ನೆನಪಿಡುವುದು ಲೇಸು: ಅದರಲ್ಲಿ ರೋಗಿಯ ಎಡಭಾಗ ನೋಡುವವರ ಬಲಕ್ಕೆ ಬರುತ್ತದೆ.

ಇಷ್ಟಕ್ಕೇ ಓದು ಮುಗಿಯುವುದಿಲ್ಲ. ಒಂದು ಕಾರಣ ಸಿಕ್ಕಿತೆಂದು ಕಣ್ಣು ವಿಶ್ರಮಿಸಿದರೆ ಎರಡನೆಯದು ತಪ್ಪಿಹೋದೀತು. ಹಿಪ್ಪೊಕ್ಯಾಂಪಸ್ಸಿನ ಕಲೆಯ ಜೊತೆಗೇ ಬೇರೊಂದು ದೋಷವೂ ಇರುವ ರೋಗಿಗಳಿದ್ದಾರೆ. ಹುಟ್ಟುವ ಮೊದಲೇ ಮಿದುಳಿನ ಹೊರಪದರ ಸರಿಯಾಗಿ ಜೋಡಣೆಯಾಗದೆ ಉಳಿದ ತಾಣಗಳು ಇವುಗಳಲ್ಲಿ ಬಹು ಜಾಣತನದಿಂದ ಅಡಗುವಂಥವು: ಹೊರಪದರ ಒಂದೆಡೆ ತುಸು ದಪ್ಪ, ಬೂದು ಮತ್ತು ಬಿಳಿ ಭಾಗಗಳ ನಡುವಣ ಗೆರೆ ಅಲ್ಲಿ ಮಾತ್ರ ಮಸುಕು, ಕೆಲವೊಮ್ಮೆ ಅಲ್ಲಿಂದ ಒಳಗಿನ ಕುಹರದವರೆಗೆ ಬಾಲದಂತೆ ಇಳಿದ ಬಿಳಿಯ ಎಳೆ. ನಿಧಾನವಾಗಿ ಬೆಳೆಯುವ ಸಣ್ಣ ಗೆಡ್ಡೆಗಳನ್ನೂ, ಅಂಚಿನಲ್ಲಿ ಹಳೆಯ ರಕ್ತದ ಕಪ್ಪು ಕಟ್ಟಿಕೊಂಡ ರಕ್ತನಾಳಗಳ ಗೊಂಚಲನ್ನೂ ಹುಡುಕುತ್ತಾರೆ.

ಬಲಪಕ್ಕದ ಚುಕ್ಕೆ ಏನಾಯಿತು? ಅದು ಅಲ್ಲಿಯೇ ಇದೆ. ಅದನ್ನು ನಿರಪರಾಧಿಯೆಂದು ಬಿಡುವುದಕ್ಕೆ ಚಿತ್ರವೊಂದೇ ಸಾಲದು. ತರುಣಿಯನ್ನು ಕೆಲವು ದಿನ ಆಸ್ಪತ್ರೆಯಲ್ಲಿರಿಸಿ, ಕ್ಯಾಮೆರಾದ ಎದುರಿನಲ್ಲಿ ಹಗಲಿರುಳೂ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿದರು. ಬಂದ ಮೂರು ಮೂರ್ಛೆಗಳೂ ಎಡ ಪಾರ್ಶ್ವದ ಮುಂಭಾಗದಿಂದಲೇ ಆರಂಭವಾದುವು. ಕೈಯ ಸೆಟೆತ, ಮಾತಿನ ತಡವರಿಕೆ, ತರಂಗ, ಚಿತ್ರ, ಎಲ್ಲವೂ ಒಂದೇ ಕಡೆಗೆ ಬೆರಳು ಮಾಡಿದ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು.

ಅಂಥ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿಯೂ ನಡೆಯುತ್ತದೆ. ಕೆನಡಾದಲ್ಲಿ 80 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2001ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ, ಎಚ್ಚರ ತಪ್ಪಿಸುವ ಮೂರ್ಛೆಗಳಿಂದ ಬಿಡುಗಡೆ ಪಡೆದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡ 58. ಔಷಧವನ್ನಷ್ಟೇ ಮುಂದುವರಿಸಿದ ಗುಂಪಿನಲ್ಲಿ ಶೇಕಡ 8.

ಆದರೂ ಅವಸರ ಸಲ್ಲದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಮೂರ್ಛೆರೋಗಿಗೆ ಎರಡೂ ಪಕ್ಕದ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಮೂರ್ಛೆಯೇನೋ ಬಹಳ ಇಳಿಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಆತನಿಗೆ ಹೊಸದಾಗಿ ಭೇಟಿಯಾದವರ ನೆನಪು ನಿಲ್ಲಲಿಲ್ಲ. ಈಗ ಒಂದು ಪಕ್ಕವನ್ನಷ್ಟೇ ಮುಟ್ಟುತ್ತಾರೆ. ಅದಕ್ಕೂ ಮೊದಲು ಜ್ಞಾಪಕಶಕ್ತಿಯನ್ನು ಗಂಟೆಗಟ್ಟಲೆ ಪರೀಕ್ಷಿಸುತ್ತಾರೆ. ಇಲ್ಲೊಂದು ವಿಚಿತ್ರ ಲೆಕ್ಕವಿದೆ. ಎಡ ಹಿಪ್ಪೊಕ್ಯಾಂಪಸ್ ಕುಗ್ಗಿ, ಮಾತುಗಳ ನೆನಪು ಆಗಲೇ ಕುಂದಿದ್ದರೆ, ತೆಗೆದಾಗ ಆಗುವ ನಷ್ಟ ಅಲ್ಪ. ನೆನಪು ಚುರುಕಾಗಿಯೇ ಉಳಿದಿದ್ದರೆ ಕಳೆದುಕೊಳ್ಳುವುದು ಹೆಚ್ಚು. ನಮ್ಮ ತರುಣಿಗೆ ಹದಿನೈದು ಪದಗಳ ಪಟ್ಟಿಯನ್ನು ಐದು ಬಾರಿ ಓದಿ ಹೇಳಿದರು. ಅರ್ಧ ಗಂಟೆಯ ನಂತರ ಆಕೆಗೆ ಉಳಿದದ್ದು ನಾಲ್ಕು. ಶಾಲೆಯಲ್ಲಿ ಪದ್ಯಗಳು ಬಾಯಿಪಾಠವಾಗದೆ ಆಕೆ ತಿಂದ ಬೈಗುಳಕ್ಕೂ ಇದೇ ಕಾರಣವಿದ್ದಿರಬಹುದೆಂದು ತಾಯಿಗೆ ಹೊಳೆದದ್ದು ಆ ಮಧ್ಯಾಹ್ನ.